ಆಪರೇಷನ್ ಆದ ಆರನೇ ವಾರದ ಲೆಕ್ಕ

13 ಆಗಸ್ಟ್ 2025, ಬುಧವಾರ
ಕುಷ್ಟಗಿ

ಕಣ್ಣಿನ ಶಿಬಿರದ ಪ್ರಸ್ತಾವನೆಯನ್ನು ಸಂಜೆ ಕಂಪನಿಗೆ ಮೇಲ್ ಮಾಡಿದೆ. ನಮ್ಮ ತಾಲ್ಲೂಕಿನ 150 ಜನರಿಗೆ ಉಚಿತ ಪೊರೆ ಆಪರೇಷನ್. ಒಟ್ಟು ಖರ್ಚು 11,30,500 ರೂಪಾಯಿ.

ಮೊದಲ ಕರಡು ಓದಿದ ಮೇಲೆ ಅವರ ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚು, ನೋಡಿಕೊಳ್ಳುವ ಮೇಡಂ ಎರಡು ಪ್ರಶ್ನೆ ಕೇಳಿದ್ದರು. 'ಒಂದು ಆಪರೇಷನ್‌ಗೆ ಏಳೂವರೆ ಸಾವಿರ ಯಾಕೆ ಬೇಕು ಸರ್? ಬೇರೆಯವರು ಇನ್ನೂ ಕಡಿಮೆ ಹೇಳ್ತಾರೆ.' ಇನ್ನೊಂದು, 'ನಮ್ಮ ಫ್ಯಾಕ್ಟರಿ ಹತ್ತಿರ ದೊಡ್ಡ ಕಲ್ಯಾಣ ಮಂಟಪ ಇದೆ, ಅಲ್ಲೇ ಮಾಡಬಹುದಲ್ವಾ?' ಎರಡೂ ನ್ಯಾಯವಾದ ಪ್ರಶ್ನೆಗಳು. ದುಡ್ಡು ಕೊಡುವವರು ಕೇಳಲೇಬೇಕು. ಇವತ್ತು ಕಳಿಸಿದ ಹೊಸ ಪ್ರತಿ ಬಹುಪಾಲು ಅವಕ್ಕೆ ಕೊಟ್ಟ ಉತ್ತರವೇ. ಇಂಥ ಪ್ರಸ್ತಾವನೆ ಬರೆಯುವ ಬೇರೆ ಸಣ್ಣ ಸಂಸ್ಥೆಗಳಿಗೂ ಬೇಕಾದೀತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಕಲ್ಯಾಣ ಮಂಟಪದ ಮಾತು ಮೊದಲು. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರು ಸುತ್ತಿ ಶಿಬಿರ ಮಾಡಿದ ಕಥೆ ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತು. ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಅವರು ಲಕ್ಷಾಂತರ ಜನರಿಗೆ ದಾರಿಯಾದರು. ಆ ಕಾಲದಲ್ಲಿ ಪೊರೆ ತೆಗೆದರೆ ಕಣ್ಣಿನೊಳಗೆ ಲೆನ್ಸ್ ಹಾಕುತ್ತಿರಲಿಲ್ಲ, ಜನ ದಪ್ಪ ಗಾಜಿನ ಕನ್ನಡಕದಲ್ಲೇ ದಿನ ತಳ್ಳುತ್ತಿದ್ದರು. ಈಗ ಪ್ರತಿ ಕಣ್ಣಿಗೂ ಅಳತೆ ತೆಗೆದು ಲೆನ್ಸ್ ಕೂರಿಸುತ್ತಾರೆ. ಮೈಕ್ರೋಸ್ಕೋಪ್ ಬೇಕು, ಉಪಕರಣಗಳ ರೋಗಾಣು ಕೊಲ್ಲುವ ಆಟೋಕ್ಲೇವ್ ಬೇಕು, ಪ್ರತಿ ರೋಗಿಗೂ ಬೇರೆ ಉಪಕರಣಗಳ ಸೆಟ್ ಬೇಕು. ತಾತ್ಕಾಲಿಕ ಜಾಗದಲ್ಲಿ ಆಪರೇಷನ್ ಮಾಡಬೇಡಿ, ರೋಗಿಗಳನ್ನು ಆಸ್ಪತ್ರೆಗೆ ಕರೆತನ್ನಿ ಎಂದೇ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಹೇಳುತ್ತದೆ. ಹಾಗಾಗಿ ಊರಲ್ಲಿ ತಪಾಸಣೆ ಮಾತ್ರ ಮಾಡುತ್ತೇವೆ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ. ಕಲ್ಯಾಣ ಮಂಟಪವನ್ನು ತಪಾಸಣೆಗೆ ಕೊಟ್ಟರೆ ಸಂತೋಷ ಎಂದು ಬರೆದಿದ್ದೇನೆ.

ಆಪರೇಷನ್ 150 ಆಗಬೇಕಾದರೆ ಎಷ್ಟು ಜನರನ್ನು ನೋಡಬೇಕು? ಹನುಮಸಾಗರ, ತಾವರಗೇರಾ, ಹನಮನಾಳ, ದೋಟಿಹಾಳ ಸೇರಿ ಆರು ಕಡೆ ತಪಾಸಣೆ ಇಟ್ಟಿದ್ದೇವೆ. ಒಂದೊಂದರಲ್ಲಿ 150 ಜನ ಅಂದರೆ 900 ಆಯಿತು. ಅವರಲ್ಲಿ 200 ಜನರಿಗೆ ಡಾಕ್ಟರು ಆಪರೇಷನ್ ಬೇಕು ಎನ್ನಬಹುದು. ಥಿಯೇಟರ್ ತನಕ ಬರುವವರು 150 ಅಂತ ಹಿಡಿದಿದ್ದೇವೆ.

ಮಧ್ಯದಲ್ಲಿ ಜಾರುವ ಆ ಐವತ್ತು ಜನರ ಬಗ್ಗೆ ಒಂದು ಪುಟವೇ ಬರೆದೆ, ಯಾಕೆಂದರೆ ಕಂಪನಿಯವರಿಗೆ ಇದು ನಮ್ಮ ಸೋಲಿನಂತೆ ಕಾಣುತ್ತದೆ. ಹಾಗಲ್ಲ. ಸಕ್ಕರೆ ಅಥವಾ ಬಿಪಿ ಹಿಡಿತಕ್ಕೆ ಬಾರದವರಿಗೆ ಅವತ್ತು ಆಪರೇಷನ್ ಮಾಡಬಾರದು. ಕಣ್ಣೀರಿನ ಚೀಲದಲ್ಲಿ ಕೀವಿದ್ದರೆ ಮೊದಲು ಅದನ್ನು ವಾಸಿ ಮಾಡಬೇಕು, ಇಲ್ಲದಿದ್ದರೆ ಸೋಂಕು ನೇರ ಕಣ್ಣಿನೊಳಗೇ ಹೋಗುತ್ತದೆ. ಇಂಥವರನ್ನು ವಾಪಸ್ ಕಳಿಸುವುದೇ ಸರಿಯಾದ ಕೆಲಸ. ಸಂಖ್ಯೆ ತುಂಬಿಸಲು ಯಾರನ್ನೂ ಟೇಬಲ್ ಮೇಲೆ ಮಲಗಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ.

ಇನ್ನು ಕೆಲವರು ತಾವಾಗಿಯೇ ಬರುವುದಿಲ್ಲ. 'ಪೊರಿ ಇನ್ನಾ ಹಣ್ಣಾಗಿಲ್ರಿ ಯಪ್ಪಾ, ಮುಂದಿನ ವರ್ಷ ನೋಡೂಣು' ಎನ್ನುತ್ತಾರೆ. ಹಣ್ಣಾಗುವ ತನಕ ಕಾಯಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ಅತಿಯಾಗಿ ಹಣ್ಣಾದ ಪೊರೆ ಒಳಗೇ ಸೋರಿ ಕಣ್ಣಿನ ಒತ್ತಡ ಏರಿಸಬಹುದು, ನರ ಹಾಳಾಗಬಹುದು. ಆಮೇಲೆ ಪೊರೆ ತೆಗೆದರೂ ಹೋದ ದೃಷ್ಟಿ ಬಾರದು. ಇದನ್ನು ಡಾಕ್ಟರಿಗಿಂತ ಚೆನ್ನಾಗಿ ಒಪ್ಪಿಸುವವರು ಆಶಾ ಕಾರ್ಯಕರ್ತೆಯರು ಮತ್ತು ಮೊದಲೇ ಆಪರೇಷನ್ ಮಾಡಿಸಿಕೊಂಡ ಪಕ್ಕದ ಮನೆಯವರು.

ಈಗ ದುಡ್ಡು. ಆಸ್ಪತ್ರೆಗೆ ಒಂದು ಆಪರೇಷನ್‌ಗೆ 4,500 ರೂಪಾಯಿ. ಇದರಲ್ಲಿ ಪರೀಕ್ಷೆ, ಲೆನ್ಸ್, ಥಿಯೇಟರ್, ಔಷಧಿ ಎಲ್ಲ ಸೇರಿ ಒಟ್ಟು 6,75,000. ಆರು ತಪಾಸಣೆ ಶಿಬಿರಕ್ಕೆ 72,000. ಬಸ್ಸಿಗೆ 84,000, ಒಂದು ತಂಡಕ್ಕೆ 25 ಜನರಂತೆ ಆರು ತಂಡ, ಹೋಗಿ ಬರುವುದು ಸೇರಿ. ರೋಗಿ ಮತ್ತು ಜೊತೆಗೆ ಬರುವ ಒಬ್ಬರ ಎರಡು ದಿನದ ಊಟ, ವಸತಿಗೆ 90,000. ಊರೂರು ಓಡಾಡಿ ದಾಖಲೆ ಇಡುವ ಸಂಯೋಜಕರಿಗೆ 60,000. ಇಷ್ಟಕ್ಕೇ ನಿಲ್ಲಿಸಿದರೆ 9,81,000, ಒಂದು ಆಪರೇಷನ್‌ಗೆ 6,540.

ಉಳಿದ 1,49,500 ಆಪರೇಷನ್ ಮುಗಿದ ಮೇಲಿನ ಖರ್ಚು. ಎರಡು ಸಲ ಆಯಾ ಊರಿಗೇ ಹೋಗಿ ಮರುತಪಾಸಣೆ ಮಾಡಲು 72,000, ಕನ್ನಡಕಕ್ಕೆ 37,500, ತೊಂದರೆಯಾದವರ ಚಿಕಿತ್ಸೆಗೆ ತೆಗೆದಿಡುವುದು 40,000. ಒಬ್ಬರಿಗೆ ಹೆಚ್ಚುಕಡಿಮೆ ಒಂದು ಸಾವಿರ. ಬಜೆಟ್ ಕತ್ತರಿಸುವಾಗ ಎಲ್ಲರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ. ನಾನು ಬಿಟ್ಟುಕೊಡದಿರುವುದೂ ಇದನ್ನೇ.

ಮೇಡಂಗೆ ಹೀಗೆ ವಿವರಿಸಿದೆ. ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿ ನೋಡಿ ಮನೆಗೆ ಕಳಿಸುತ್ತಾರೆ. ಫೋಟೋ ತೆಗೆಯುವುದೂ ಅವತ್ತೇ. ಆದರೆ ಅಪಾಯ ಅವತ್ತಿಗೆ ಮುಗಿದಿರುವುದಿಲ್ಲ. ಕಣ್ಣಿನೊಳಗೆ ಸೋಂಕಾದರೆ ಸಾಮಾನ್ಯವಾಗಿ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ನೋವು ಜಾಸ್ತಿಯಾಗುತ್ತದೆ, ಕಣ್ಣು ಕೆಂಪಾಗಿ ರೆಪ್ಪೆ ಊದಿಕೊಳ್ಳುತ್ತದೆ, ನಿನ್ನೆ ಕಂಡದ್ದು ಇವತ್ತು ಮಸುಕಾಗುತ್ತದೆ. ತೀರಾ ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಕೂಡಲೇ ಕಣ್ಣಿಗೆ ಇಂಜೆಕ್ಷನ್ ಕೊಡದಿದ್ದರೆ ಕಣ್ಣೇ ಹೋಗಬಹುದು. ಹಳ್ಳಿಯ ಅಜ್ಜಿ ಏನು ಮಾಡುತ್ತಾರೆ? ಕೊಯ್ದ ಮೇಲೆ ನೋವು ಇದ್ದದ್ದೇ ಅಂತ ಸುಮ್ನೆ ಮಲಗಿಬಿಡುತ್ತಾರೆ. ಅದಕ್ಕೇ ಮೂರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಈ ನಾಲ್ಕು ಪ್ರಶ್ನೆ ಕೇಳಬೇಕು, ಒಂದಕ್ಕೆ ಹೌದು ಎಂದರೂ ನಮ್ಮ ಗಾಡಿ ಹೊರಡಬೇಕು. ಆ 40,000 ಇಟ್ಟಿರುವುದು ಇದಕ್ಕೆ. ಖರ್ಚಾಗದಿದ್ದರೆ ಕಂಪನಿಗೆ ವಾಪಸ್.

ಕನ್ನಡಕದ ವಿಷಯ ಬೇರೆ. ಲೆನ್ಸ್ ಹಾಕಿದ ಮೇಲೂ ಗಾಯ ಮಾಗುವಾಗ ಕಣ್ಣಿನ ಬಾಗು ಸ್ವಲ್ಪ ಬದಲಾಗುತ್ತದೆ. ಅದು ಒಂದು ಸ್ಥಿತಿಗೆ ಬರಲು ಸುಮಾರು ಆರು ವಾರ ಬೇಕು. ಆಗ ನಂಬರ್ ನೋಡಿ ಕನ್ನಡಕ ಕೊಟ್ಟರೆ, ಅರ್ಧಂಬರ್ಧ ಕಾಣುತ್ತಿದ್ದ ಎಷ್ಟೋ ಜನರಿಗೆ ಚೆನ್ನಾಗಿ ಕಾಣುತ್ತದೆ. 4,500 ಕೊಟ್ಟು ಆಪರೇಷನ್ ಮಾಡಿಸಿ 250 ರೂಪಾಯಿಯ ಕನ್ನಡಕ ಉಳಿಸಿದರೆ ಆ ದುಡ್ಡೆಲ್ಲ ಅರ್ಧಕ್ಕೆ ನಿಂತ ಹಾಗೆ.

ಹೀಗಾಗಿ 'ನಿರೀಕ್ಷಿತ ಫಲಿತಾಂಶ' ಎಂಬ ಭಾಗದಲ್ಲಿ '150 ಜನರ ಬಾಳಿಗೆ ಬೆಳಕು' ಅಂತ ಬರೆಯಲಿಲ್ಲ. ಅಳೆಯಲು ಬರುವುದನ್ನು ಬರೆದೆ. 150ರಲ್ಲಿ ಕನಿಷ್ಠ 135 ಜನರನ್ನು ಆರನೇ ವಾರ ಮತ್ತೆ ನೋಡುತ್ತೇವೆ. ಅವರಲ್ಲಿ 100ಕ್ಕೆ 90ರಂತೆ, ಅಂದರೆ 122 ಜನರಿಗೆ, ಕನ್ನಡಕ ಹಾಕಿದ ಮೇಲೆ 6/18 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಇರಬೇಕು. ಒಳ್ಳೆಯ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರ್‌ನಿಂದ ಓದುತ್ತಾರೆ ಎಂದರ್ಥ. 6/60ಗಿಂತ ಕೆಳಗೆ ಉಳಿಯುವವರು 100ಕ್ಕೆ 5ಕ್ಕಿಂತ ಕಡಿಮೆ ಇರಬೇಕು, ನಮ್ಮ ಲೆಕ್ಕದಲ್ಲಿ ಆರು ಜನ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹಾಕಿಕೊಟ್ಟ ಅಳತೆಗೋಲು ಇದೇ.

ಆ ಆರು ಜನರ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೊರೆ ದಟ್ಟವಾಗಿದ್ದರೆ ಅದರ ಹಿಂದಿನ ರೆಟಿನಾ ಡಾಕ್ಟರಿಗೆ ಸರಿಯಾಗಿ ಕಾಣುವುದಿಲ್ಲ. ಪೊರೆ ತೆಗೆದ ಮೇಲೆ ರೆಟಿನಾ ಹಾಳಾಗಿರುವುದು, ನರ ಒಣಗಿರುವುದು ಗೊತ್ತಾಗುತ್ತದೆ. ಎಲ್ಲರಿಗೂ ಪೂರ್ತಿ ದೃಷ್ಟಿ ಎಂದು ಬರೆದುಕೊಡುವ ಸಂಸ್ಥೆಯನ್ನು ನಾನಾಗಿದ್ದರೆ ನಂಬುವುದಿಲ್ಲ. ಅದರ ಬದಲು, ಎರಡೂ ಕಣ್ಣಿಗೆ ಪೊರೆ ಬಂದು ಒಬ್ಬರೇ ಓಡಾಡಲಾಗದವರಿಗೆ ಮೊದಲ ತಂಡಗಳಲ್ಲಿ ಜಾಗ ಎಂದು ಬರೆದೆ. ಒಂದು ಕಣ್ಣು ಬಂದರೂ ಅವರ ದಿನವೇ ಬದಲಾಗುತ್ತದೆ.

ದುಡ್ಡನ್ನು ಮೂರು ಕಂತಿನಲ್ಲಿ ಕೇಳಿದ್ದೇನೆ. ಅರ್ಧ ಮೊದಲೇ, ಆಪರೇಷನ್‌ಗಳು ಮುಗಿದ ಮೇಲೆ 30 ಶೇಕಡಾ. ಕೊನೆಯ 20 ಶೇಕಡಾ, ಅಂದರೆ 2,26,100, ಆರನೇ ವಾರದ ವರದಿ ಕೈಸೇರಿದ ಮೇಲೆಯೇ ಕೊಡಿ ಎಂದು ನಾವೇ ಬರೆದೆವು. ನಮ್ಮ ಖಜಾಂಚಿಗೆ ಇದು ಇಷ್ಟವಾಗಲಿಲ್ಲ, ಅಷ್ಟು ದಿನ ಕೈಯಿಂದ ಹಾಕಬೇಕಲ್ಲ ಅಂತ. ನಿಜ, ಕಷ್ಟವೇ. ಆದರೆ ಕೊನೆಯ ಕಂತು ಅಲ್ಲಿ ಸಿಕ್ಕಿಕೊಂಡಿದ್ದರೆ ಮರುತಪಾಸಣೆಯನ್ನು ಯಾರೂ ಮರೆಯುವುದಿಲ್ಲ.

ಕಾಗದಪತ್ರ ಬೇಗ ಮುಗಿಯಿತು. ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆಯ 12ಎ, 80ಜಿ, ಆಸ್ಪತ್ರೆಯ ಒಪ್ಪಿಗೆ ಪತ್ರ. ಸರ್ಕಾರದ ಅಂಧತ್ವ ನಿಯಂತ್ರಣ ಅನುದಾನವನ್ನು ಈ 150 ಆಪರೇಷನ್‌ಗೆ ಆಸ್ಪತ್ರೆ ಕೇಳುವುದಿಲ್ಲ ಎಂಬ ಮಾತೂ ಆ ಪತ್ರದಲ್ಲಿದೆ, ಒಂದೇ ಕಣ್ಣಿಗೆ ಎರಡು ಕಡೆ ದುಡ್ಡು ಬರಬಾರದು. ಔಷಧಿ ಚೀಲದ ಮೇಲೆ ತಮ್ಮ ಉತ್ಪನ್ನದ ಜಾಹೀರಾತು ಹಾಕೋಣವೇ ಎಂದು ಅವರ ಮಾರ್ಕೆಟಿಂಗ್ ಕಡೆಯಿಂದ ಕೇಳಿದ್ದರು. ಅದು ಬೇಡ ಎಂದೆ. ಸರಕಿನ ಮಾರಾಟದ ಲಾಭಕ್ಕಾಗಿ ಮಾಡುವ ಪ್ರಾಯೋಜನೆಯನ್ನು ಸಿಎಸ್‌ಆರ್ ನಿಯಮಗಳು ಸಿಎಸ್‌ಆರ್ ಖರ್ಚೆಂದು ಒಪ್ಪುವುದಿಲ್ಲ. ಕಂಪನಿ ಸಿಎಸ್‌ಆರ್‌ಗೆ ಖರ್ಚು ಮಾಡಬೇಕಾದ ಲಾಭದ 2 ಶೇಕಡಾ ಲೆಕ್ಕದಲ್ಲಿ ಇದನ್ನು ತೋರಿಸಲು ಹೋಗಿ ಅವರೇ ತೊಂದರೆಗೆ ಸಿಗುತ್ತಾರೆ. ತಪಾಸಣೆ ಜಾಗದಲ್ಲಿ ಕಂಪನಿಯ ಹೆಸರಿನ ಒಂದು ಬೋರ್ಡ್ ಇರುತ್ತದೆ, ಸಾಕು.

ಈಗ ಉಳಿದಿರುವುದು ದಿನಾಂಕ. ದೀಪಾವಳಿ ಆದ ಮೇಲೆ ನಮ್ಮ ಕಡೆ ದುಡಿಯುವವರು ಗುಳೆ ಹೊರಡುತ್ತಾರೆ. ಮನೆಯಲ್ಲಿ ಮುದುಕರು, ಮೊಮ್ಮಕ್ಕಳು ಮಾತ್ರ. ಆಪರೇಷನ್‌ಗೆ ಒಪ್ಪಿಗೆ ಕೊಡುವ ಮಗ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿರುತ್ತಾನೆ. ಹಾಗಾಗಿ ತಪಾಸಣೆ ದಸರಾ ಮತ್ತು ದೀಪಾವಳಿಯ ನಡುವೆ ಮುಗಿಯಬೇಕು. ಆಪರೇಷನ್ ನವೆಂಬರ್‌ನಿಂದ ಜನವರಿ ಕೊನೆಯ ತನಕ. ಆಗ ಕೊನೆಯ ತಂಡದ ಆರನೇ ವಾರ ಮಾರ್ಚ್ ಮಧ್ಯಕ್ಕೆ ಬರುತ್ತದೆ, ಕಂಪನಿಯ ಲೆಕ್ಕದ ವರ್ಷವೂ 31ಕ್ಕೆ ಮುಗಿಯುತ್ತದೆ. ಇದೆಲ್ಲ ಹೊಂದಬೇಕಾದರೆ ಸೆಪ್ಟೆಂಬರ್ ಒಳಗೆ ಅವರ ಒಪ್ಪಿಗೆ ಬರಬೇಕು. ಸಿಎಸ್‌ಆರ್ ಸಮಿತಿಯ ಸಭೆ ಯಾವಾಗ ಎಂದು ನಾಳೆ ಮೇಡಂಗೆ ಫೋನ್ ಮಾಡಿ ಕೇಳುತ್ತೇನೆ. ಅಕ್ಟೋಬರ್‌ಗೆ ಹೋಗುವಂತಿದ್ದರೆ ತಪಾಸಣೆಯ 72,000 ಮಟ್ಟಿಗಾದರೂ ಮೊದಲು ಮಂಜೂರು ಮಾಡಿ ಎಂದು ಇನ್ನೊಂದು ಪತ್ರ ಬರೆಯಬೇಕು.