6 ಬೈಟಿಗಾಗಿ 84 ಬೈಟು: ಕಂಪನ ಮಾಪಕ ಯೋಜನೆಯ ಪ್ರಗತಿ

ಹಿಟ್ಟಿನ ಗಿರಣಿಯೊಂದರ ಮೋಟಾರು ಮತ್ತು ಬೇರಿಂಗುಗಳ ಕಂಪನವನ್ನು ದಾಖಲಿಸುವ ಯೋಜನೆಯಲ್ಲಿ ಐದೂ ಸೆನ್ಸರುಗಳು ಈಗ ಮೇಜಿನ ಮೇಲೆ ಒಟ್ಟಿಗೆ ಕೆಲಸ ಮಾಡುತ್ತಿವೆ. ಪ್ರತಿಯೊಂದೂ ಎಡಿಎಕ್ಸ್‌ಎಲ್345 ಸೆನ್ಸರ್ ಆಗಿದ್ದು, ಸೆಕೆಂಡಿಗೆ 3,200 ಮಾದರಿಗಳನ್ನು ಕೊಡುತ್ತದೆ. ಮೂರು ಅಕ್ಷಗಳಿಗೆ ಎರಡೆರಡು ಬೈಟಿನಂತೆ ಒಂದು ಮಾದರಿಗೆ 6 ಬೈಟು ಬೇಕು. ಐದರ ಬೋರ್ಡುಗಳೂ ಒಂದು ಸ್ವಿಚ್ಚಿಗೆ ಸೇರುತ್ತವೆ. ಅಲ್ಲಿಂದ ಒಂದೇ ಉದ್ದನೆಯ ಹಳೆಯ ಕೇಬಲು ದಾಖಲಿಸುವ ರಾಸ್ಪ್‌ಬೆರಿ ಪೈವರೆಗೆ ಹೋಗುತ್ತದೆ. ಈ ಕೇಬಲು 100 ಮೆಗಾಬಿಟ್ಟಿನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ, 10ರಲ್ಲಿ ನಿಲ್ಲುತ್ತದೆ. ಆದ್ದರಿಂದ ಈ ಹಂತದ ಪರೀಕ್ಷೆಯನ್ನೆಲ್ಲ 10 ಮೆಗಾಬಿಟ್ಟಿನಲ್ಲಿಯೇ ನಡೆಸಿದ್ದೇನೆ:

```
ethtool -s eth0 advertise 0x002
```

ಇಲ್ಲಿ ವೇಗವನ್ನು ಬಲವಂತವಾಗಿ ನಿಗದಿಪಡಿಸಿ ಆಟೋ ನೆಗೋಶಿಯೇಶನ್ ನಿಲ್ಲಿಸುವ ಬದಲು, 10 ಮೆಗಾಬಿಟ್ ಫುಲ್ ಡ್ಯೂಪ್ಲೆಕ್ಸನ್ನು ಮಾತ್ರ ಘೋಷಿಸುವಂತೆ ಮಾಡಿದ್ದಕ್ಕೆ ಕಾರಣವಿದೆ. ನೆಗೋಶಿಯೇಶನ್ ನಿಲ್ಲಿಸಿದರೆ ಎದುರಿನ ಸ್ವಿಚ್ ವೇಗವನ್ನು ಗುರುತಿಸುತ್ತದೆಯಾದರೂ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಆಗ ಎರಡು ತುದಿಗಳು ಹೊಂದದೆ ಪ್ಯಾಕೆಟ್ಟುಗಳು ಬೇರೆ ಕಾರಣಕ್ಕೆ ಕಳೆದುಹೋಗಿ, ನಾನು ಅಳೆಯಬೇಕಾದ ಸಂಗತಿಯೇ ಮರೆಯಾಗುತ್ತದೆ.

ಬೇಕಾಗಿರುವ ಉಪಯುಕ್ತ ದತ್ತಾಂಶದ ಲೆಕ್ಕ ಚಿಕ್ಕದು. 5 ಸೆನ್ಸರ್, 3,200 ಮಾದರಿ, 6 ಬೈಟು, 8 ಬಿಟ್ಟು: ಗುಣಿಸಿದರೆ ಸೆಕೆಂಡಿಗೆ 768 ಕಿಲೋಬಿಟ್. 10 ಮೆಗಾಬಿಟ್ಟಿನ ದಾರಿಯಲ್ಲಿ ಇದು ಹದಿಮೂರನೇ ಒಂದು ಭಾಗವಷ್ಟೆ. ಆದರೂ ಪ್ರತಿ ಮಾದರಿಯನ್ನು ಪ್ರತ್ಯೇಕ ಯುಡಿಪಿ ಪ್ಯಾಕೆಟ್ಟಾಗಿ ಕಳಿಸುವ ಮೊದಲ ವಿನ್ಯಾಸದಲ್ಲಿ ಐದನೆಯ ಸೆನ್ಸರನ್ನು ಜೋಡಿಸಿದೊಡನೆ ಕ್ರಮಸಂಖ್ಯೆಗಳಲ್ಲಿ ಕಂಡಿಗಳು ಕಾಣತೊಡಗಿದವು; ನಾಲ್ಕರವರೆಗೆ ಒಂದೂ ಇರಲಿಲ್ಲ. ಕಳೆದುಹೋಗುತ್ತಿದ್ದದ್ದು ಸುಮಾರು ನೂರಕ್ಕೆ ಏಳು.

ಒಂದು ಪ್ಯಾಕೆಟ್ಟು ತಂತಿಯ ಮೇಲೆ ನಿಜವಾಗಿ ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಪ್ರತಿ ಮಾದರಿಯ ಜೊತೆ ನಾನು 4 ಬೈಟಿನ ಕ್ರಮಸಂಖ್ಯೆ ಮತ್ತು 4 ಬೈಟಿನ ಸಮಯವನ್ನು ಕಳಿಸುತ್ತೇನೆ. ಹೀಗೆ ಪೇಲೋಡ್ 14 ಬೈಟು. ಯುಡಿಪಿ ಹೆಡರ್ 8, ಐಪಿ ಹೆಡರ್ 20 ಸೇರಿ 42 ಆಗುತ್ತದೆ. ಆದರೆ ಈಥರ್ನೆಟ್ ಫ್ರೇಮಿನ ಒಳಗೆ ಕನಿಷ್ಠ 46 ಬೈಟು ಇರಲೇಬೇಕಾದ್ದರಿಂದ 4 ಬೈಟಿನಷ್ಟು ಸೊನ್ನೆಗಳನ್ನು ತುಂಬಲಾಗುತ್ತದೆ. ಅದರ ಮೇಲೆ ಈಥರ್ನೆಟ್ ಹೆಡರ್ 14, ಕೊನೆಯ ಚೆಕ್‌ಸಮ್ 4, ಫ್ರೇಮಿಗೆ ಮೊದಲು ಬರುವ ಪ್ರಿಯಾಂಬಲ್ 8 ಮತ್ತು ಎರಡು ಫ್ರೇಮುಗಳ ನಡುವೆ ಬಿಡಲೇಬೇಕಾದ 12 ಬೈಟಿನಷ್ಟು ಮೌನ. ಎಲ್ಲ ಕೂಡಿ 84 ಬೈಟು, ಅಂದರೆ 672 ಬಿಟ್ಟು.

```
10,000,000 / 672   = 14,880 packets/s
14,880 x 6 x 8     = 714,240 bit/s
5 x 3,200          = 16,000 packets/s
```

ದಾರಿ ಒಯ್ಯಬಲ್ಲದ್ದು 14,880, ಬರುತ್ತಿರುವುದು 16,000. ಉಳಿದ 1,120 ಪ್ಯಾಕೆಟ್ಟುಗಳು ಸ್ವಿಚ್ಚಿನ ಬಫರ್ ತುಂಬಿದ ಮೇಲೆ ಬಿದ್ದುಹೋಗುತ್ತವೆ. ಅದು ಸರಿಯಾಗಿ ನೂರಕ್ಕೆ ಏಳು. ತಂತಿ ಪೂರ್ತಿ 10 ಮೆಗಾಬಿಟ್ಟಿನಲ್ಲಿ ದುಡಿಯುತ್ತಿದ್ದರೂ ನನ್ನ ಪ್ರೋಗ್ರಾಮಿಗೆ ದಕ್ಕುವ ಉಪಯುಕ್ತ ದತ್ತಾಂಶ, ಅಂದರೆ ಗುಡ್‌ಪುಟ್, 714 ಕಿಲೋಬಿಟ್ ಮಾತ್ರ. ದಕ್ಷತೆ 6/84, ಅಂದರೆ ಶೇಕಡಾ 7.14.

ಈ ಪರೀಕ್ಷೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ತಂತಿಯ 10 ಮೆಗಾಬಿಟ್ ಮತ್ತು ಗುಡ್‌ಪುಟ್ಟಿನ 714 ಕಿಲೋಬಿಟ್, ಈ ಎರಡರ ನಡುವೆ ನಿಲ್ಲುವ ಮೂರನೆಯ ಅಂಕಿ. ರಾಸ್ಪ್‌ಬೆರಿ ಪೈನಲ್ಲಿ `tcpdump -e` ಓಡಿಸಿದರೆ ಪ್ರತಿ ಫ್ರೇಮಿನ ಸಾಲಿನಲ್ಲಿ ಮೊದಲು `length 60` ಎಂದೂ ಕೊನೆಯಲ್ಲಿ `UDP, length 14` ಎಂದೂ ಕಾಣುತ್ತದೆ. ತುಂಬಿದ ಸೊನ್ನೆಗಳು ಆ 60ರಲ್ಲಿ ಸೇರಿವೆ. ಆದರೆ ಚೆಕ್‌ಸಮ್, ಪ್ರಿಯಾಂಬಲ್ ಮತ್ತು ಮೌನದ 24 ಬೈಟುಗಳು ಸಾಫ್ಟ್‌ವೇರಿನ ಕಣ್ಣಿಗೆ ಬೀಳುವುದೇ ಇಲ್ಲ. ಈ 60ರ ಲೆಕ್ಕದಲ್ಲಿ ಥ್ರೂಪುಟ್ ಕಂಡುಹಿಡಿದರೆ 14,880 × 60 × 8, ಅಂದರೆ 7.14 ಮೆಗಾಬಿಟ್ ಬರುತ್ತದೆ. ಇದನ್ನು ನೋಡಿದವರು ಇನ್ನೂ ಸುಮಾರು 3 ಮೆಗಾಬಿಟ್ ಖಾಲಿ ಇದೆ ಎಂದುಕೊಂಡು ದೋಷವನ್ನು ಬೋರ್ಡಿನಲ್ಲೋ ಪ್ರೋಗ್ರಾಮಿನಲ್ಲೋ ಹುಡುಕುವುದು ಸಹಜ, ಆದರೆ ತಂತಿಯಲ್ಲಿ ಒಂದು ಬೈಟಿಗೂ ಎಡೆಯಿಲ್ಲ. ಚಿಕ್ಕ ಪ್ಯಾಕೆಟ್ಟುಗಳ ದಾರಿ ತುಂಬಿದೆಯೇ ಎಂದು ತಿಳಿಯಲು ಸೆಕೆಂಡಿನ ಬಿಟ್ಟುಗಳಿಗಿಂತ ಸೆಕೆಂಡಿನ ಪ್ಯಾಕೆಟ್ಟುಗಳನ್ನು ಎಣಿಸುವುದೇ ನಂಬತಕ್ಕ ವಿಧಾನ.

ಪರಿಹಾರವೆಂದರೆ ಹಲವು ಮಾದರಿಗಳನ್ನು ಒಂದೇ ಪ್ಯಾಕೆಟ್ಟಿನಲ್ಲಿ ಕಟ್ಟಿ ಕಳಿಸುವುದು. ಪೇಲೋಡ್ 18 ಬೈಟು ಮುಟ್ಟುವವರೆಗೆ ತಂತಿಯ ಮೇಲಿನ ಖರ್ಚು ಬದಲಾಗುವುದೇ ಇಲ್ಲ, ಅದು 84ರಲ್ಲೇ ನಿಂತಿರುತ್ತದೆ. ಹಾಗಾಗಿ ಮೊದಲ ವಿನ್ಯಾಸದಲ್ಲಿ ಕ್ರಮಸಂಖ್ಯೆ ಮತ್ತು ಸಮಯ ಎರಡೂ ನಮಗೆ ಪುಕ್ಕಟೆಯಾಗಿ ಸಿಕ್ಕಿದ್ದವು. 18ರ ನಂತರ ಪ್ರತಿ ಪ್ಯಾಕೆಟ್ಟಿನ ಹೊರೆ 66 ಬೈಟೆಂದು ಸ್ಥಿರವಾಗುತ್ತದೆ, ನಮ್ಮದೇ 8 ಸೇರಿದರೆ 74. ನಮ್ಮದೇ ಆದ ಹೆಡರನ್ನು ಕೂಡ ಹೊರೆಯ ಲೆಕ್ಕಕ್ಕೇ ಹಾಕಿದ್ದೇನೆ, ಏಕೆಂದರೆ ಕಂಪನದ ವಿಶ್ಲೇಷಣೆಗೆ ಬೇಕಾಗಿರುವುದು ಮಾದರಿಗಳು ಮಾತ್ರ.

ಈಗ ಆರಿಸಿಕೊಂಡಿರುವುದು ಪ್ಯಾಕೆಟ್ಟಿಗೆ 32 ಮಾದರಿ. ದತ್ತಾಂಶ 192 ಬೈಟು, ತಂತಿಯ ಮೇಲೆ 266 ಬೈಟು, ದಕ್ಷತೆ ಶೇಕಡಾ 72.2. ಸೆನ್ಸರಿಗೆ ಸೆಕೆಂಡಿಗೆ 100 ಪ್ಯಾಕೆಟ್ಟಿನಂತೆ ಐದಕ್ಕೆ 500 ಆಗಿ, ತಂತಿಯ ಹೊರೆ 10.75 ಮೆಗಾಬಿಟ್ಟಿನಿಂದ 1.06ಕ್ಕೆ ಇಳಿದಿದೆ. ಗುಡ್‌ಪುಟ್ ಬೇಕಾದಷ್ಟೇ, 768 ಕಿಲೋಬಿಟ್. ಇಡೀ ರಾತ್ರಿ ಓಡಿಸಿದಾಗಲೂ ಕ್ರಮಸಂಖ್ಯೆಯಲ್ಲಿ ಕಂಡಿ ಕಾಣಲಿಲ್ಲ.

ಹೀಗೆ ಕಟ್ಟುವ ಕೆಲಸವನ್ನು ಟಿಸಿಪಿಗೇ ಬಿಡಬಹುದಿತ್ತು. ಟರ್ಮಿನಲ್ಲಿನ ಒಂದೊಂದು ಅಕ್ಷರವೂ 40 ಬೈಟಿನ ಹೆಡರ್ ಹೊತ್ತು 41 ಬೈಟಿನ ಪ್ಯಾಕೆಟ್ಟಾಗಿ ಹೋಗುವುದನ್ನು ಜಾನ್ ನೇಗಲ್ 1984ರ ಆರ್‌ಎಫ್‌ಸಿ 896ರಲ್ಲಿ ಚರ್ಚಿಸಿ, ಹಿಂದೆ ಕಳಿಸಿದ್ದಕ್ಕೆ ಸ್ವೀಕೃತಿ ಬರುವವರೆಗೆ ಹೊಸ ಚಿಕ್ಕ ತುಣುಕುಗಳನ್ನು ತಡೆದು ಒಟ್ಟುಗೂಡಿಸುವ ಉಪಾಯವನ್ನು ಸೂಚಿಸಿದರು. ಅಲ್ಲಿ ಕಟ್ಟಿನ ಗಾತ್ರವನ್ನು ಸ್ವೀಕೃತಿ ಬರುವ ವೇಳೆ ನಿರ್ಧರಿಸುತ್ತದೆ. ನನಗಾದರೋ ಪ್ರತಿ ಕಟ್ಟಿನಲ್ಲೂ ಮಾದರಿಗಳ ಸಂಖ್ಯೆ ಒಂದೇ ಇರಬೇಕು. ಅದಕ್ಕಾಗಿ ಯುಡಿಪಿಯನ್ನೇ ಉಳಿಸಿಕೊಂಡೆ.

ಇನ್ನೂ ದೊಡ್ಡ ಕಟ್ಟು ಏಕಿಲ್ಲವೆಂಬ ಪ್ರಶ್ನೆ ಉಳಿಯುತ್ತದೆ. 1,500 ಬೈಟಿನ ಮಿತಿಯಲ್ಲಿ ಎರಡು ಹೆಡರುಗಳ 28 ಮತ್ತು ನಮ್ಮ 8 ಕಳೆದರೆ 1,464 ಬೈಟು, ಅಂದರೆ 244 ಮಾದರಿ ಹಿಡಿಸುತ್ತವೆ. ದಕ್ಷತೆ 1,464/1,538, ಶೇಕಡಾ 95.2. ಆದರೆ ತಂತಿಯ ಹೊರೆ 1.06ರಿಂದ 0.81 ಮೆಗಾಬಿಟ್ಟಿಗೆ ಇಳಿಯುವುದರಿಂದ ಈ ದಾರಿಯಲ್ಲಿ ನನಗೆ ಸಿಗುವ ಲಾಭವೇನೂ ಇಲ್ಲ, ನಷ್ಟ ಮಾತ್ರ ಸ್ಪಷ್ಟವಾಗಿದೆ. ಗಿರಣಿಯ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ ಸುಮಾರು 42 ಮಿಲಿಸೆಕೆಂಡು. 32 ಮಾದರಿಗಳ ಒಂದು ಪ್ಯಾಕೆಟ್ಟು ಕಳೆದರೆ 10 ಮಿಲಿಸೆಕೆಂಡು, ಕಾಲು ಸುತ್ತಿನಷ್ಟು ದಾಖಲೆ ಹೋಗುತ್ತದೆ. 244ರದ್ದು ಕಳೆದರೆ 76 ಮಿಲಿಸೆಕೆಂಡು, ಹೆಚ್ಚುಕಡಿಮೆ ಎರಡು ಸುತ್ತು. 244ನ್ನೂ ಮೀರಿದರೆ ಐಪಿ ಅದನ್ನು ತುಂಡು ಮಾಡುತ್ತದೆ, ಒಂದು ತುಂಡು ಬಾರದಿದ್ದರೂ ಇಡೀ ಕಟ್ಟು ವ್ಯರ್ಥವಾಗುತ್ತದೆ. ಮುಂದಿನ ಹಂತದಲ್ಲಿ ಸೆನ್ಸರುಗಳನ್ನು 32ರ ಕಟ್ಟಿನೊಂದಿಗೇ ಬೇರಿಂಗುಗಳ ಮೇಲೆ ಕೂರಿಸಿ, ಮೋಟಾರು ಶುರುವಾಗುವ ಹೊತ್ತಿನಲ್ಲಿ ಹಳೆಯ ಕೇಬಲು ಪ್ಯಾಕೆಟ್ಟುಗಳನ್ನು ಕಳೆಯುತ್ತದೆಯೇ ಎಂದು ನೋಡಬೇಕು.