ಬೆನ್ನು, ಪಕ್ಕೆ, ರೆಫರಿಯ ಕೈ: ಜೂಡೋ ಸ್ಕೋರನ್ನು ಮೈಕಿನಲ್ಲಿ ಬಿಡಿಸಿ ಹೇಳುವುದು

ಬಳ್ಳಾರಿ ಕಡೆ ಜೂಡೋ ಪಂದ್ಯಕ್ಕೆ ಮೈಕ್ ಹಿಡಿಯುವವರು ಒಂದು ಪ್ರಶ್ನೆಗೆ ತಯಾರಾಗಿಯೇ ಕೂರಬೇಕು: "ಬಿದ್ದಾನಲ್ರೀ ಸರ, ಮತ್ಯಾಕ ಆಟ ಮುಗಿಲಿಲ್ಲ?" ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜೂಡೋ ತರಬೇತಿ ನಡೆಯುತ್ತಿದ್ದರೂ, ಪಂದ್ಯ ನೋಡಲು ಬರುವವರಲ್ಲಿ ಹೆಚ್ಚಿನವರ ಕಣ್ಣು ಪಳಗಿರುವುದು ಗರಡಿ ಕುಸ್ತಿಗೆ. ಅವರಿಗೆ ಚಿತ್ ಗೊತ್ತು. ವಿವರಣೆಯನ್ನು ಅಲ್ಲಿಂದಲೇ ಶುರು ಮಾಡುವುದು ಸುಲಭ, ಆದರೆ ಅಲ್ಲೇ ನಿಲ್ಲಿಸಿದರೆ ಎಡವಟ್ಟಾಗುತ್ತದೆ.

ಕುಸ್ತಿಯಲ್ಲಿ ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿದರೆ ಚಿತ್. ಹೇಗೆ ಕೆಡವಿದಿರಿ, ಎಷ್ಟು ಹೊತ್ತು ಒದ್ದಾಡಿಸಿದಿರಿ ಅನ್ನುವುದು ಅಲ್ಲಿ ಮುಖ್ಯವಲ್ಲ. ಜೂಡೋದಲ್ಲಿ ಬೀಳಿಸಿದ ರೀತಿಗೇ ಬೆಲೆ. ನಿಂತವನನ್ನು ಎತ್ತಿ ಒಗೆದಾಗ ರೆಫರಿ ನಾಲ್ಕು ಸಂಗತಿ ನೋಡುತ್ತಾರೆ: ಬೆನ್ನು ಮ್ಯಾಟಿಗೆ ತಾಗಿತೇ, ಬಿದ್ದ ವೇಗ ಎಷ್ಟು, ಬಲ ಎಷ್ಟು, ಕೆಡವಿದವನು ಕೊನೆಯವರೆಗೂ ಹಿಡಿತ ಬಿಡದೆ ಬೀಳಿಸಿದನೇ. ನಾಲ್ಕೂ ಕೂಡಿದರೆ ಇಪ್ಪೊನ್. ಪಂದ್ಯ ಅಲ್ಲಿಗೆ ಮುಗಿಯಿತು, ಗಡಿಯಾರದಲ್ಲಿ ಮೂರೂವರೆ ನಿಮಿಷ ಬಾಕಿ ಇದ್ದರೂ ಸರಿ.

ನಾಲ್ಕರಲ್ಲಿ ಒಂದು ಕಡಿಮೆಯಾದರೆ ವಾಝಾ-ಅರಿ. ಬೆನ್ನ ಮೇಲೆ ಬಿದ್ದ, ಆದರೆ ನಿಧಾನಕ್ಕೆ ಜಾರಿ ಕೂತಂತೆ ಬಿದ್ದ. ಅಥವಾ ರಭಸದಿಂದ ಬಿದ್ದ, ಆದರೆ ಗಾಳಿಯಲ್ಲೇ ಮೈ ತಿರುಗಿಸಿಕೊಂಡು ಪಕ್ಕೆಯಿಂದ ಬೆನ್ನಿನ ಕಡೆಗೆ ವಾಲಿ ಬಿದ್ದ. ಬರೀ ಪಕ್ಕೆ ಮೇಲೆ ಬಿದ್ದರೆ ಅದಕ್ಕಿಂತ ಚಿಕ್ಕದಾದ ಯುಕೊ. ಹೊಟ್ಟೆ ಮೇಲೆ ಅಥವಾ ಮೊಣಕಾಲೂರಿ ಬಿದ್ದರೆ ಏನೂ ಇಲ್ಲ, ಸದ್ದು ಎಷ್ಟೇ ಜೋರಾಗಿರಲಿ. ಹೊಸಬರು ಮೋಸ ಹೋಗುವುದು ಈ ಸದ್ದಿಗೇ. ಮ್ಯಾಟ್ ಧಡ್ ಅಂದ ಕೂಡಲೇ ಚಪ್ಪಾಳೆ ಬೀಳುತ್ತದೆ, ಬಿದ್ದವನು ಬೋರಲಾಗಿದ್ದಾನೆ ಅನ್ನುವುದನ್ನು ಯಾರೂ ನೋಡಿರುವುದಿಲ್ಲ. "ಸದ್ದು ಕೇಳಬೇಡಿ, ಬೆನ್ನು ನೋಡಿ" ಎಂದು ಮೊದಲ ಪಂದ್ಯಕ್ಕೆ ಮುಂಚೆಯೇ ಎರಡು ಸಲ ಹೇಳಿಬಿಡುವುದು ಒಳ್ಳೆಯದು.

ಯುಕೊ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. 2017ರಲ್ಲಿ ಅದನ್ನು ತೆಗೆದಿದ್ದರು, 2025ರಿಂದ ಮತ್ತೆ ತಂದಿದ್ದಾರೆ. ಹಾಗಾಗಿ ಪ್ಯಾರಿಸ್ ಒಲಿಂಪಿಕ್ಸ್ ವಿಡಿಯೊ ನೋಡಿ ಬಂದ ಹುಡುಗರು ಯುಕೊ ಎಂಬುದೇ ಇಲ್ಲ ಎಂದು ವಾದಿಸುತ್ತಾರೆ. ಆ ಪಂದ್ಯಗಳ ಮಟ್ಟಿಗೆ ಅವರು ಹೇಳುವುದು ಸರಿಯೇ. ಸ್ಥಳೀಯ ಪಂದ್ಯದಲ್ಲಿ ಯಾವ ನಿಯಮ, ಎಷ್ಟು ನಿಮಿಷ ಅನ್ನುವುದನ್ನು ಬೆಳಗ್ಗೆಯೇ ಮುಖ್ಯ ರೆಫರಿಯ ಬಳಿ ಕೇಳಿಕೊಂಡು ಮೈಕ್ ಹಿಡಿಯಬೇಕು. ದೊಡ್ಡವರಿಗೆ, ಗಂಡಸರಿಗೂ ಹೆಂಗಸರಿಗೂ, 4 ನಿಮಿಷ.

ಇನ್ನು ನೆಲದ ಆಟ. ಎದುರಾಳಿಯನ್ನು ಬೆನ್ನ ಮೇಲೆ ಒತ್ತಿ ಹಿಡಿದಾಗ ರೆಫರಿ ಬಗ್ಗಿ ಅವರ ಕಡೆ ಕೈ ಚಾಚಿ "ಒಸಾಯೆಕೊಮಿ" ಅನ್ನುತ್ತಾರೆ. ಆಗ ಬೋರ್ಡಿನಲ್ಲಿ ಎರಡನೇ ಗಡಿಯಾರ ಓಡಲು ಶುರು. 5 ಸೆಕೆಂಡ್ ಹಿಡಿದರೆ ಯುಕೊ, 10ಕ್ಕೆ ವಾಝಾ-ಅರಿ, 20ಕ್ಕೆ ಇಪ್ಪೊನ್. ಕೆಳಗಿದ್ದವನು ಮೇಲಿದ್ದವನ ಕಾಲನ್ನು ತನ್ನ ಕಾಲುಗಳಲ್ಲಿ ಸಿಕ್ಕಿಸಿಕೊಂಡರೆ ಹಿಡಿತ ಬಿಟ್ಟಂತೆ. ರೆಫರಿ ಕೈಯನ್ನು ಅತ್ತಿತ್ತ ಬೀಸಿ "ತೊಕೆತಾ" ಅನ್ನುತ್ತಾರೆ, ಎರಡನೇ ಗಡಿಯಾರ ನಿಲ್ಲುತ್ತದೆ. ಕತ್ತು ಅಮುಕಿದಾಗ ಅಥವಾ ಮೊಣಕೈ ಕೀಲನ್ನು ಲಾಕ್ ಮಾಡಿ ಹಿಡಿದಾಗ ಎದುರಾಳಿ ಎರಡು ಸಲ ತಟ್ಟಿ ಸೋಲೊಪ್ಪಿದರೆ ಅದೂ ಇಪ್ಪೊನ್ನೇ.

ಲೆಕ್ಕ ಕೂಡುವ ರೀತಿಯನ್ನು ಮಾತ್ರ ಬಿಡಿಸಿ ಹೇಳಬೇಕು. ಎರಡು ವಾಝಾ-ಅರಿ ಸೇರಿದರೆ ಒಂದು ಇಪ್ಪೊನ್. ಯುಕೊಗಳು ಹಾಗೆ ಸೇರುವುದಿಲ್ಲ. ಐದು ಯುಕೊ ಇದ್ದರೂ ಒಂದು ವಾಝಾ-ಅರಿಯ ಮುಂದೆ ಸೋಲು. ಕಬಡ್ಡಿಯಂತೆ ಪಾಯಿಂಟ್ ಕೂಡಿಸುತ್ತ ಹೋಗುವವರಿಗೆ ಇದು ಅನ್ಯಾಯ ಅನ್ನಿಸುತ್ತದೆ. ನೋಟುಗಳಂತಲ್ಲ, ಮೆಟ್ಟಿಲುಗಳಂತೆ ಎಂದರೆ ತಕ್ಷಣ ಅರ್ಥವಾಗುತ್ತದೆ: ಮೇಲಿನ ಮೆಟ್ಟಿಲಲ್ಲಿ ಇಬ್ಬರೂ ಸಮ ನಿಂತರೆ ಮಾತ್ರ ಕೆಳಗಿನದನ್ನು ನೋಡುವುದು.

ಒಂದು ಪಂದ್ಯವನ್ನೇ ಇಟ್ಟುಕೊಂಡು ನೋಡೋಣ. ಬಿಳಿ ಉಡುಪಿನವನು, ನೀಲಿ ಉಡುಪಿನವನು. ಮೊದಲ ಮೂರು ನಿಮಿಷದಲ್ಲಿ ನೀಲಿ ಎರಡು ಸಲ ಬಿಳಿಯನ್ನು ಪಕ್ಕೆ ಮೇಲೆ ಕೆಡವಿ ಎರಡು ಯುಕೊ ಗಳಿಸಿದ್ದಾನೆ. 50 ಸೆಕೆಂಡ್ ಉಳಿದಾಗ ಬಿಳಿ ಬೆನ್ನು ಕೊಟ್ಟು ಹೆಗಲ ಮೇಲಿಂದ ನೀಲಿಯನ್ನು ಎಸೆಯುತ್ತಾನೆ. ನೀಲಿ ಕಡೇ ಗಳಿಗೆಯಲ್ಲಿ ಹೊರಳಿ ಅರ್ಧ ಬೆನ್ನಿನ ಮೇಲೆ ಬೀಳುತ್ತಾನೆ. ರೆಫರಿಯ ಕೈ ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿತು, ವಾಝಾ-ಅರಿ. ಈಗ ಬಿಳಿ ಮುಂದೆ. 6 ಸೆಕೆಂಡ್ ಉಳಿದಿರುವಾಗ ನೀಲಿ ನೆಲದಲ್ಲಿ ಬಿಳಿಯನ್ನು ಒತ್ತಿ ಹಿಡಿದ. ಪಂದ್ಯದ ಗಡಿಯಾರ ಸೊನ್ನೆಗೆ ಬಂತು, ಜನ ಎದ್ದು ನಿಂತರು. ಆದರೆ ಒಸಾಯೆಕೊಮಿ ನಡೆಯುತ್ತಿದ್ದರೆ ಸಮಯ ಮುಗಿದರೂ ಹಿಡಿತ ಬಿಡುವವರೆಗೆ ಅಥವಾ 20 ತುಂಬುವವರೆಗೆ ಆಟ ಉಂಟು. ಅಷ್ಟರಲ್ಲೇ 5 ಸೆಕೆಂಡಿಗೆ ನೀಲಿಯ ಯುಕೊ ಮೂರಾಗಿದೆ. 10ಕ್ಕೆ ವಾಝಾ-ಅರಿ ಒಂದು ಬಂತು, ಯುಕೊ ಮತ್ತೆ ಎರಡಕ್ಕೆ ಇಳಿಯಿತು. "ಪಾಯಿಂಟ್ ಕಿತ್ಕೊಂಡ್ರು" ಎಂಬ ಕೂಗು ಏಳುವುದು ಇಲ್ಲೇ. ಕಿತ್ತುಕೊಂಡಿಲ್ಲ, ಒಂದು ಹಿಡಿತಕ್ಕೆ ಒಂದೇ ಸ್ಕೋರ್, ಚಿಕ್ಕದು ದೊಡ್ಡದಾಗಿ ಏರಿತು. 13ನೇ ಸೆಕೆಂಡಿನಲ್ಲಿ ಬಿಳಿ ಕಾಲು ಸಿಕ್ಕಿಸಿ ಬಿಡಿಸಿಕೊಂಡ, ಆಟ ಮುಗಿಯಿತು. ವಾಝಾ-ಅರಿ ಒಂದಕ್ಕೊಂದು ಸಮ. ಕೆಳಗಿನ ಮೆಟ್ಟಿಲಲ್ಲಿ ನೀಲಿಗೆ ಎರಡು ಯುಕೊ, ಬಿಳಿಗೆ ಸೊನ್ನೆ. ಗೆದ್ದವನು ನೀಲಿ.

ಇದೇ ಪಂದ್ಯದಲ್ಲಿ ನೀಲಿಗೆ ಮೊದಲೇ ಒಂದು ವಾಝಾ-ಅರಿ ಇದ್ದಿದ್ದರೆ ಹಿಡಿತ 10 ಸೆಕೆಂಡಿಗೇ ಮುಗಿಯುತ್ತಿತ್ತು, ಯಾಕೆಂದರೆ ಎರಡನೆಯದು ಸೇರಿ ಇಪ್ಪೊನ್ ಆಯಿತು. 20ರ ತನಕ ಎಣಿಸಲು ಕೂತವರಿಗೆ ರೆಫರಿ ಅವಸರ ಮಾಡಿದಂತೆ ಕಾಣುತ್ತದೆ. ಅದಕ್ಕೇ ಹಿಡಿತ ಶುರುವಾದ ಕೂಡಲೇ ಬೋರ್ಡ್ ನೋಡಿ, "ಇವರಿಗೆ 10 ಸಾಕು" ಅಥವಾ "20 ಬೇಕು" ಎಂದು ಮೈಕಿನಲ್ಲಿ ಹೇಳಿಬಿಡಬೇಕು.

ತಪ್ಪುಗಳಿಗೆ ಕೊಡುವ ಶಿಡೊ ಎದುರಾಳಿಗೆ ಸ್ಕೋರ್ ಕೊಡುವುದಿಲ್ಲ. ಮೂರನೆಯದು ಬಿದ್ದರೆ ಆಟಗಾರ ಹೊರಗೆ. 4 ನಿಮಿಷಕ್ಕೆ ಎಲ್ಲ ಸಮವಾದರೆ ಗೋಲ್ಡನ್ ಸ್ಕೋರ್, ಅಂದರೆ ಮೊದಲು ಸ್ಕೋರ್ ಮಾಡಿದವನು ಗೆಲ್ಲುವ ಹೆಚ್ಚುವರಿ ಆಟ, ಅದಕ್ಕೆ ಸಮಯದ ಮಿತಿ ಇಲ್ಲ.

ಮೈಕ್ ಹಿಡಿದವರು ಬಿದ್ದ ಕ್ಷಣದಲ್ಲೇ ಸ್ಕೋರ್ ಕೂಗಬಾರದು. ಒಬ್ಬ ಎತ್ತಲು ಹೋದಾಗ ಇನ್ನೊಬ್ಬ ಗಾಳಿಯಲ್ಲೇ ತಿರುಗಿಸಿ ಕೆಡವುವುದುಂಟು. ಸ್ಕೋರ್ ಯಾರದೆಂದು ಗ್ಯಾಲರಿಯಿಂದ ತಿಳಿಯುವುದು ಕಷ್ಟ. ಮೊದಲು ಕೈ ನೋಡಬೇಕು. ತಲೆಯ ಮೇಲೆ ನೇರ ಎತ್ತಿದರೆ ಇಪ್ಪೊನ್, ಭುಜದ ಮಟ್ಟಕ್ಕೆ ಚಾಚಿದರೆ ವಾಝಾ-ಅರಿ, ಅದಕ್ಕಿಂತ ಕೆಳಗೆ ಓರೆಯಾಗಿ ಇಳಿಬಿಟ್ಟರೆ ಯುಕೊ. ಅದಾದ ಮೇಲೂ ಒಂದೆರಡು ಉಸಿರು ಕಾಯಬೇಕು. ದೊಡ್ಡ ಪಂದ್ಯಗಳಲ್ಲಿ ವಿಡಿಯೊ ನೋಡುವ ಮೇಜಿನಿಂದ ತೀರ್ಪು ಬದಲಾಗಬಹುದು. ಆಗ ರೆಫರಿ ಒಂದು ಕೈಯಲ್ಲಿ ಕೊಟ್ಟ ಸ್ಕೋರಿನ ಸನ್ನೆಯನ್ನೇ ಹಿಡಿದು, ಇನ್ನೊಂದು ಕೈಯನ್ನು ತಲೆಯ ಮೇಲೆ ಅತ್ತಿತ್ತ ಬೀಸುತ್ತಾರೆ. ಕೊಟ್ಟದ್ದು ರದ್ದಾಯಿತು ಎಂದರ್ಥ.