ಬಂದು ಹೋದ ಬೆಣ್ಣೆ

"ಬೆಣ್ಣೆ ಬಂದು ಹೋಗಿದೆ ಕಣೇ."

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದ ದೊಡ್ಡಮ್ಮ ಮಿಕ್ಸಿಯ ಜಾರಿನೊಳಗೆ ಇಣುಕಿ ಹೇಳಿದ ಮಾತು ಇಷ್ಟೇ. ಒಂಬತ್ತು ನಿಮಿಷ ಕಡೆದರೂ ಬೆಣ್ಣೆ ಬರಲೇ ಇಲ್ಲವೆಂದು ನಾನು ಗೊಣಗುತ್ತಿದ್ದೆ. ಅವರು ಬಂದು ಹೋಗಿದೆ ಎಂದರು. ಬಾರದೆ ಇರುವುದಕ್ಕೂ ಬಂದು ಹೋಗುವುದಕ್ಕೂ ಏನು ವ್ಯತ್ಯಾಸವೆಂದು ಆಗ ನನಗೆ ಹೊಳೆಯಲಿಲ್ಲ. ಎದುರಿಗಿದ್ದದ್ದು ಎಣ್ಣೆಯ ಹೊಳಪಿನ, ತೆಳ್ಳನೆಯ, ಉಗುರುಬೆಚ್ಚಗಿನ ಬಿಳಿ ದ್ರವ ಮಾತ್ರ. ಎಂಟು ದಿನ ಕೂಡಿಟ್ಟ 700 ಗ್ರಾಂ ಕೆನೆ ಹೀಗಾಯಿತಲ್ಲ ಎಂಬ ಸಂಕಟಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕಾಡಿತು.

ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ದಿನವೂ ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದೆ. ಶನಿವಾರ ರಾತ್ರಿ ಅದನ್ನು ಹೊರಗೆ ತೆಗೆದು, ಎರಡು ಚಮಚ ಮೊಸರನ್ನು ಹೆಪ್ಪಾಗಿ ಬೆರೆಸಿ ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟೆ. ಸೆಕೆಯ ರಾತ್ರಿಯಾದ್ದರಿಂದ ಬೆಳಿಗ್ಗೆಯ ಹೊತ್ತಿಗೆ ಚೆನ್ನಾಗಿ ಹೆಪ್ಪಾಗಿ ಹುಳಿಯ ಪರಿಮಳ ಬಂದಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಆಮೇಲೆ ಅದನ್ನು ಹಾಗೆಯೇ ಜಾರಿಗೆ ಸುರಿದು, ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಸೇರಿಸಿ, ಮಿಕ್ಸಿಯನ್ನು ಪೂರ್ತಿ ವೇಗಕ್ಕೆ ತಿರುಗಿಸಿಬಿಟ್ಟೆ. ಕೆನೆಯೂ ಬೆಚ್ಚಗಿತ್ತು, ತೊಟ್ಟಿಯಲ್ಲಿ ಕಾದ ನೀರೂ ಬೆಚ್ಚಗಿತ್ತು, ಅಲಗಿನ ತಿಕ್ಕಾಟ ಮತ್ತಷ್ಟು ಬಿಸಿ ಕೂಡಿಸಿತು. ದೊಡ್ಡಮ್ಮ ಬೆರಳಿನ ಹಿಂಬದಿಯನ್ನು ಜಾರಿನ ಮೈಗೆ ತಾಗಿಸಿ ಮುಖ ಸಿಂಡರಿಸಿದ ಮೇಲೆ ನಾನು ಅಡುಗೆಯ ಥರ್ಮಾಮೀಟರು ಅದ್ದಿ ನೋಡಿದೆ: 33 ಡಿಗ್ರಿ.

"ಮಧ್ಯೆ ಸದ್ದು ಬದಲಾದದ್ದು ಕೇಳಲಿಲ್ಲವಾ?" ಎಂದು ಅವರು ಕೇಳಿದರು.

ಕೇಳಿತ್ತು. ಎರಡು ಮೂರು ನಿಮಿಷ ಕಳೆದಾಗ ಮಿಕ್ಸಿಯ ಒಂದೇ ಸಮನಾದ ಮೊರೆತ ತಗ್ಗಿ, ಏನೋ ಜಾರಿನ ಗೋಡೆಗೆ ತಪತಪನೆ ಬಡಿದಂಥ ಸದ್ದಾಗಿತ್ತು. ಬೆಣ್ಣೆ ಕೂಡಲು ತೊಡಗಿದೆ, ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಕೂಡುತ್ತದೆ ಎಂದುಕೊಂಡು ನಾನು ನಿಲ್ಲಿಸಲಿಲ್ಲ. ಆ ಸದ್ದು ಕಳೆದು ಮತ್ತೆ ನೀರು ಕಡೆದಂಥ ಸದ್ದು ಬಂದದ್ದನ್ನೂ ಗಮನಿಸಿದ್ದೆ. ಬೆಣ್ಣೆ ಬಂದದ್ದೂ ಹೋದದ್ದೂ ನನ್ನ ಕಿವಿಯ ಮುಂದೆಯೇ ನಡೆದಿತ್ತು.

ದೊಡ್ಡಮ್ಮನ ಸ್ವಭಾವವೇ ಹಾಗೆ. ಏನಾಯಿತೆಂದು ಹೇಳುತ್ತಾರೆಯೇ ಹೊರತು ಯಾಕಾಯಿತೆಂದು ಎಂದೂ ಬಿಡಿಸಿ ಹೇಳುವುದಿಲ್ಲ, ಕೇಳಿದರೆ ತಮ್ಮನ್ನು ಪರೀಕ್ಷೆಗೆ ಕೂರಿಸಿದರೇನೋ ಎಂಬಂತೆ ನೋಡುತ್ತಾರೆ. ಯಾಕೆಂಬುದನ್ನು ಓದಿ, ಯೋಚಿಸಿ, ನಾನೇ ಕೂಡಿಸಿಕೊಳ್ಳಬೇಕಾಯಿತು. ಕೆನೆಯಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿರುತ್ತದೆ. ಪ್ರತಿಯೊಂದು ಗುಂಡಿಗೂ ಒಂದು ತೆಳು ಪೊರೆ ಇರುತ್ತದೆ. ಬೆಣ್ಣೆಯಾಗಬೇಕಾದರೆ ಆ ಪೊರೆ ಹರಿಯಬೇಕು, ಹರಿದ ಗುಂಡುಗಳು ಒಂದಕ್ಕೊಂದು ಅಂಟಬೇಕು. ಪೊರೆಯನ್ನು ಚುಚ್ಚುವುದು ಗುಂಡಿನೊಳಗೆ ಗಟ್ಟಿಯಾಗಿರುವ ಕೊಬ್ಬಿನ ಹರಳುಗಳು, ಅಂಟಿಸುವುದು ಅಲ್ಲೇ ಕರಗಿರುವ ಕೊಬ್ಬು. ಆದ್ದರಿಂದ ಕೊಬ್ಬು ಸ್ವಲ್ಪ ಗಟ್ಟಿ, ಸ್ವಲ್ಪ ದ್ರವ ಎಂಬ ನಡುವಿನ ಸ್ಥಿತಿಯಲ್ಲಿರಬೇಕು. ಕೆನೆಗೆ ಆ ಸ್ಥಿತಿ ಚೆನ್ನಾಗಿ ಒದಗುವುದು ಸುಮಾರು 12ರಿಂದ 16 ಡಿಗ್ರಿಯಲ್ಲಿ. 33 ಡಿಗ್ರಿಯಲ್ಲಿ ಹಾಲಿನ ಕೊಬ್ಬು ಬಹುಪಾಲು ಎಣ್ಣೆಯೇ. ನನ್ನ ಜಾರು ಅಷ್ಟು ಬಿಸಿಯಾಗುವ ಮುನ್ನ ಕೂಡಿದ ಮೆತ್ತನೆಯ ಮುದ್ದೆಗೆ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಬಿಗಿಯಿರಲಿಲ್ಲ. ಬಿಸಿ ಏರುತ್ತಿದ್ದಂತೆ ಅದೇ ಅಲಗು ಅದನ್ನು ಹನಿಹನಿಯಾಗಿ ಒಡೆದು ಮಜ್ಜಿಗೆಯೊಳಗೆ ಮರಳಿ ಹರಡಿಬಿಟ್ಟಿತ್ತು.

ಈ ಹೊತ್ತಿಗೆ ಮನೆಯವರು ಬಂದು, "ಐಸ್ ಹಾಕು, ಸರಿಹೋಗುತ್ತದೆ" ಎಂದರು. ಅಡುಗೆಮನೆಯ ಯಾವ ಸಂಕಟಕ್ಕೂ ಅವರಲ್ಲಿ ಒಂದು ವಾಕ್ಯದ ಪರಿಹಾರ ಇದ್ದೇ ಇರುತ್ತದೆ. ಆ ಸಲಹೆಯಲ್ಲಿ ಅರ್ಧ ನಿಜವಿದೆ. ಬೆಣ್ಣೆಯ ಕಾಳು ಆಗಲೇ ಕಟ್ಟಿದ್ದು ಮೆತ್ತಗಿದ್ದರೆ ಐಸ್ ನೀರು ಅದನ್ನು ಬಿಗಿಗೊಳಿಸುತ್ತದೆ. ಆದರೆ ಪೂರ್ತಿ ಕರಗಿದ ಕೊಬ್ಬಿಗೆ ಐಸ್ ಹಾಕಿದರೆ ಥರ್ಮಾಮೀಟರಿನ ಅಂಕಿ ಥಟ್ಟನೆ ಇಳಿಯುತ್ತದೆಯೇ ಹೊರತು ಗುಂಡಿನೊಳಗೆ ಹರಳು ಅಷ್ಟೇ ಬೇಗ ಕಟ್ಟುವುದಿಲ್ಲ. ಅದಕ್ಕೆ ಗಂಟೆಗಟ್ಟಲೆ ತಂಪಿನಲ್ಲಿ ಸುಮ್ಮನೆ ಇರಬೇಕು. ದೊಡ್ಡಮ್ಮ ಐಸ್ ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಜಾರಿನಲ್ಲಿದ್ದುದನ್ನು ಸ್ಟೀಲಿನ ಪಾತ್ರೆಗೆ ಬಗ್ಗಿಸಿ, ತಟ್ಟೆ ಮುಚ್ಚಿ ಫ್ರಿಜ್ಜಿಗೆ ಸೇರಿಸಿ, "ಸಂಜೆ ನೋಡೋಣ" ಎಂದು ಪೇಪರು ಹಿಡಿದು ಕೂತರು.

ಸಂಜೆ ಐದಕ್ಕೆ ತೆಗೆದಾಗ ಮೇಲೆ ಹಳದಿ ಮಿಶ್ರಿತ ದಪ್ಪ ಪದರ ಕಟ್ಟಿತ್ತು, ಅಡಿಯಲ್ಲಿ ತೆಳು ಮಜ್ಜಿಗೆ ನಿಂತಿತ್ತು. ಥರ್ಮಾಮೀಟರು 7 ಡಿಗ್ರಿ ತೋರಿಸಿತು. ಬೆಳಗಿನ ತಪ್ಪು ಬಿಸಿಯಿಂದಾದದ್ದು, ಈಗ ಇಷ್ಟು ತಂಪಿದೆ, ತಡವೇಕೆ ಎಂದು ನಾನು ಜಾರು ತೊಳೆದಿಟ್ಟೆ. ದೊಡ್ಡಮ್ಮ ಪಾತ್ರೆ ಮುಟ್ಟಿ ನೋಡಿ, "ಈಗ ಕಡೆದರೆ ನೊರೆ ಬರುತ್ತೆ, ಬೆಣ್ಣೆ ಬರಲ್ಲ" ಎಂದರು. ಅದೂ ನಿಜವೇ. ಅತಿ ತಂಪಿನಲ್ಲಿ ಅಂಟಿಸಬೇಕಾದ ದ್ರವ ಕೊಬ್ಬು ಕಡಿಮೆಯಾಗಿ, ಕೆನೆ ಗಾಳಿಯನ್ನು ಹಿಡಿದುಕೊಂಡು ಉಬ್ಬುತ್ತದೆ; ಎಷ್ಟು ಕಡೆದರೂ ಬಿಳಿ ನೊರೆ ಪಾತ್ರೆಯ ಗೋಡೆ ಹತ್ತುತ್ತದೆಯೇ ಹೊರತು ಕಾಳು ಬೇರೆಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಚಳಿಯ ದಿನಗಳಲ್ಲಿ ಕಡೆಯುವಾಗ ಸ್ವಲ್ಪ ಬೆಚ್ಚನೆಯ ನೀರು ಬೆರೆಸುವುದು ಇದೇ ಕಾರಣಕ್ಕೆ. ನಾವು ಕಾದೆವು. ನಡುವೆ ಒಂದೆರಡು ಸಲ ಕೈಯಾಡಿಸಿ, 13 ಡಿಗ್ರಿಗೆ ಬಂದ ಮೇಲೆ ಅರ್ಧದಷ್ಟನ್ನು ಜಾರಿಗೆ ಹಾಕಿದೆವು.

ನೀರಿನ ಬಗ್ಗೆ ನನಗಿದ್ದ ತಿಳಿವಳಿಕೆಯೂ ಅಂದು ತಿದ್ದಿಕೊಂಡಿತು. ನೀರೆಂದರೆ ಮಜ್ಜಿಗೆಯನ್ನು ಹೆಚ್ಚಿಸಲು ಎಂದೇ ನಾನು ಅಂದುಕೊಂಡಿದ್ದೆ. ದೊಡ್ಡಮ್ಮ ಮೊದಲು ನೀರು ಹಾಕದೆಯೇ ಒಂದು ಸಲ ತಿರುಗಿಸಿ ತೋರಿಸಿದರು: ಗಟ್ಟಿ ಪದರ ಗೋಡೆಗೆ ಅಂಟಿ ನಿಂತು, ನಡುವೆ ಗುಳಿಯಾಗಿ, ಅಲಗು ಬರಿದೇ ತಿರುಗಿತು. ಫ್ರಿಜ್ಜಿನ ತಣ್ಣೀರನ್ನು ಅರ್ಧ ಲೋಟ ಹಾಕಿದ ಕೂಡಲೇ ಎಲ್ಲವೂ ಕದಲತೊಡಗಿತು. ದಪ್ಪ ಕೆನೆಯಲ್ಲಿ ಕಾಳು ಕಟ್ಟಿದರೂ ಬೇರ್ಪಟ್ಟು ತೇಲಲು ಜಾಗವಿರುವುದಿಲ್ಲ. ನೀರು ಆ ಜಾಗವನ್ನು ಕೊಡುತ್ತದೆ, ಜೊತೆಗೆ ತಿಕ್ಕಾಟದ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಹಾಗೆಂದು ಕೆನೆಯಷ್ಟೇ ನೀರು ಸುರಿದರೆ ಕೊಬ್ಬಿನ ಗುಂಡುಗಳು ದೂರದೂರವಾಗಿ ಒಂದನ್ನೊಂದು ಮುಟ್ಟುವುದೇ ತಡವಾಗುತ್ತದೆ, ಮಜ್ಜಿಗೆಯೂ ಸಪ್ಪೆಯಾಗುತ್ತದೆ. ಕೆನೆಯ ಕಾಲುಭಾಗದಿಂದ ಆರಂಭಿಸಿ, ಬಿಗಿಯೆನಿಸಿದರೆ ಮಾತ್ರ ಸ್ವಲ್ಪಸ್ವಲ್ಪವೇ ಸೇರಿಸುವುದು ಒಳ್ಳೆಯದು. ಕೆನೆಯ ಬದಲು ಇಡೀ ಮೊಸರನ್ನೇ ಕಡೆಯುವವರ ಲೆಕ್ಕ ಬೇರೆ. ಅಲ್ಲಿ ಕೊಬ್ಬು ಮೊದಲೇ ಕಡಿಮೆ, ನೀರು ಬೇಕಾದದ್ದು ಮೊಸರಿನ ಗಟ್ಟಿಯನ್ನು ಸಡಿಲಿಸಲು; ನೂರಕ್ಕೆ 4ರಷ್ಟು ಕೊಬ್ಬಿರುವ ಒಂದು ಲೀಟರ್ ಮೊಸರಿನಿಂದ, ಏನೂ ನಷ್ಟವಾಗದಿದ್ದರೂ, 50 ಗ್ರಾಂ ಬೆಣ್ಣೆಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಈ ಸಲ ಮಿಕ್ಸಿಯ ಗುಂಡಿ ದೊಡ್ಡಮ್ಮನ ಕೈಯಲ್ಲಿತ್ತು. ಅತಿ ಕಡಿಮೆ ವೇಗದಲ್ಲಿ ಹತ್ತು ಸೆಕೆಂಡು ತಿರುಗಿಸುವುದು, ನಿಲ್ಲಿಸುವುದು, ಕಿವಿಗೊಡುವುದು. ಕಡಗೋಲು ಹಿಡಿದೇ ಬೆಳೆದವರು ಮಿಕ್ಸಿಯನ್ನು ಹಳಿಯುತ್ತಾರೆಂದು ನಾನು ನಂಬಿದ್ದೆ; ಅವರಿಗೆ ಅಂಥ ಯಾವ ಹಟವೂ ಇರಲಿಲ್ಲ. ಮೊದಲು ನೊರೆಯೆದ್ದಿತು, ನೊರೆ ಕುಸಿದು ಬಣ್ಣ ಹಳದಿಗೆ ತಿರುಗಿತು, ಆಮೇಲೆ ಬೆಳಿಗ್ಗೆ ಕೇಳಿದ್ದ ಅದೇ ತಪತಪ ಸದ್ದು. ಅವರು ತಕ್ಷಣ ಕೈ ತೆಗೆದು ಮುಚ್ಚಳ ತೆರೆದರು. ರವೆಯಷ್ಟು ಸಣ್ಣ ಕಾಳುಗಳು ನೀಲಿ ಛಾಯೆಯ ತೆಳು ಮಜ್ಜಿಗೆಯ ಮೇಲೆ ತೇಲುತ್ತಿದ್ದವು. ಇನ್ನೆರಡು ಸಲ ತಿರುಗಿಸಿದಾಗ ಅವು ಜೋಳದ ಕಾಳಿನಷ್ಟಾದವು. ಅಲ್ಲಿಗೆ ನಿಲ್ಲಿಸಿದರು. ನಾನಾಗಿದ್ದರೆ ಒಂದೇ ದೊಡ್ಡ ಉಂಡೆಯಾಗಲೆಂದು ಖಂಡಿತ ಮುಂದುವರಿಸುತ್ತಿದ್ದೆ. ಆಗ ಮಜ್ಜಿಗೆ ಉಂಡೆಯ ಒಳಗೇ ಸಿಕ್ಕಿಬಿದ್ದು ಎಷ್ಟು ತೊಳೆದರೂ ಹೊರಬರುವುದಿಲ್ಲ, ಬೆಣ್ಣೆ ಬೇಗ ಹಳಸುತ್ತದೆ. ಕಾಳಾಗಿರುವಾಗಲೇ ಮಜ್ಜಿಗೆ ಬಸಿದು, ತಣ್ಣೀರು ಹಾಕಿ ಮೃದುವಾಗಿ ಅಲುಗಿಸಿ ಚೆಲ್ಲುವುದನ್ನು ಮೂರು ಸಲ ಮಾಡಿದೆವು. ಮೂರನೆಯ ನೀರು ತಿಳಿಯಾಗಿತ್ತು. ಅನಂತರವೇ ಅಂಗೈಯಿಂದ ಒತ್ತಿ ನೀರು ಹಿಂಡಿ ಉಂಡೆ ಕಟ್ಟಿದ್ದು.

ಉಳಿದರ್ಧವನ್ನೂ ಕಡೆದು ತೂಗಿದಾಗ 230 ಗ್ರಾಂ ಬಂತು. ಅಷ್ಟು ಕೆನೆಗೆ ಇನ್ನೂ ಐವತ್ತು ಅರವತ್ತು ಗ್ರಾಂ ಬರಬೇಕಿತ್ತೆಂಬುದು ನನ್ನ ಅಂದಾಜು. ಅದು ಎಲ್ಲಿ ಹೋಯಿತೆಂಬುದು ಮರುದಿನ ತಿಳಿಯಿತು: ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆಯ ಮೇಲೆ ಕೆನೆಬಣ್ಣದ ಗಟ್ಟಿ ಪದರ ಕಟ್ಟಿತ್ತು. ಸರಿಯಾಗಿ ಕಡೆದ ಮಜ್ಜಿಗೆಯಲ್ಲಿ ಆ ಪದರ ಹೆಸರಿಗಷ್ಟೇ ಇರುತ್ತದೆ. ಬೆಳಿಗ್ಗೆ ಅಲಗು ಅತಿ ಸಣ್ಣದಾಗಿ ಒಡೆದ ಕೊಬ್ಬಿನ ಒಂದು ಪಾಲು ಸಂಜೆಯ ತಂಪಿನಲ್ಲೂ ಕೂಡಿಕೊಂಡಿರಲಿಲ್ಲ. ಬಂದು ಹೋದದ್ದರಲ್ಲಿ ಎಲ್ಲವೂ ಹಿಂದಿರುಗಿ ಬರಲಿಲ್ಲ ಎಂದಾಯಿತು.

ಆ ಮಜ್ಜಿಗೆಯೇ ಸುಮಾರು 600 ಮಿಲಿಲೀಟರ್ ಇತ್ತು. ತೊಳೆದ ನೀರನ್ನು ಅದಕ್ಕೆ ಬೆರೆಸದೆ ಮೊದಲ ಬಸಿತವನ್ನು ಬೇರೆ ಇಟ್ಟಿದ್ದರಿಂದ ಅದು ನೀರುನೀರಾಗಿರಲಿಲ್ಲ. ಒಂದು ಭಾಗ ಕುಡಿಯಲು ಹೋಯಿತು. ಇನ್ನೊಂದು ಭಾಗವನ್ನು ಬಿಸಿ ಮಾಡಹೊರಟಾಗ ನಾನು ಮತ್ತೆ ಎಡವಿದೆ. ಹುಳಿಯಿರುವ ಮಜ್ಜಿಗೆಯನ್ನು ದೊಡ್ಡ ಉರಿಯಲ್ಲಿಟ್ಟರೆ ಅದರ ಪ್ರೋಟೀನು ಗಟ್ಟಿಯಾಗಿ ಒಡೆದು ಹರಳುಹರಳಾಗುತ್ತದೆ. ಒಂದು ಚಮಚ ಹಿಟ್ಟನ್ನು ತಣ್ಣಗಿರುವಾಗಲೇ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಕುದಿ ಹತ್ತುತ್ತಿದ್ದಂತೆ ಇಳಿಸಿದರೆ ಒಡೆಯುವುದು ತಪ್ಪುತ್ತದೆ. ಒಡೆದದ್ದನ್ನು ನಾನು ಚೆಲ್ಲಲಿಲ್ಲ. ಬಟ್ಟೆಯಲ್ಲಿ ಸೋಸಿ ಮೇಲೆ ಉಳಿದ ಮೆತ್ತನೆಯ ಗಿಣ್ಣನ್ನು ಉಪ್ಪು ಬೆರೆಸಿ ತಿಂದೆವು, ಕೆಳಗಿಳಿದ ನೀರಿನಲ್ಲಿ ಹಿಟ್ಟು ಕಲಸಿದೆ.

ದೊಡ್ಡಮ್ಮ ಮಂಗಳವಾರ ಹೊರಟರು. ಇಷ್ಟು ವರ್ಷ ಅವರು ಬಂದಾಗಲೆಲ್ಲ ನಾನು ಅಳತೆ ಕೇಳಿದ್ದೇನೆ, ಅವರು ಅಳತೆಯನ್ನೇ ಹೇಳದೆ ತಪ್ಪಿಸಿಕೊಳ್ಳುತ್ತಾರೆಂದು ಒಳಗೊಳಗೇ ಸಿಡುಕಿದ್ದೇನೆ. ಅವರು ಬೆರಳಿನ ಹಿಂಬದಿಯಿಂದ ಮುಟ್ಟಿ "ಈಗ ಸರಿ" ಎಂದಾಗ ಥರ್ಮಾಮೀಟರು 13 ತೋರಿಸಿದ್ದನ್ನು ನೋಡಿದ ಮೇಲೆ, ಅಳತೆ ಅವರಲ್ಲಿ ಮೊದಲಿನಿಂದಲೂ ಇತ್ತು, ಅದಕ್ಕೆ ಅಂಕಿಯ ಹೆಸರು ಮಾತ್ರ ಇರಲಿಲ್ಲ ಎನ್ನಿಸುತ್ತಿದೆ. ಅವರು ಹೋಗುವಾಗ ಒಂದು ಮಾತು ಕೇಳಿದರು: "ನಿನ್ನ ಆ ಕಡ್ಡಿ ಸದ್ದು ಕೇಳಿಸಿಕೊಳ್ಳುತ್ತಾ?"

ಉಳಿದ ಮಜ್ಜಿಗೆಯಲ್ಲಿ ಎರಡು ಚಮಚವನ್ನು ಸಣ್ಣ ಬಟ್ಟಲಿನಲ್ಲಿ ತೆಗೆದಿಟ್ಟು ನಿನ್ನೆ ರಾತ್ರಿ ಹಾಲಿಗೆ ಹೆಪ್ಪು ಹಾಕಿದೆ. ಮೊಸರು ಸ್ವಲ್ಪ ತೆಳ್ಳಗಾಯಿತು, ಪರಿಮಳ ಮಾತ್ರ ಚೆನ್ನಾಗಿದೆ. ಕೆನೆಯ ಡಬ್ಬದಲ್ಲಿ ಹೊಸ ಕೆನೆ ಎರಡು ಬೆರಳಿನಷ್ಟು ಏರಿದೆ.